ಕ್ಷಮಿಸಿದ್ದೇನೆ, ನಂಬಿಕೆಗೆ ಸಮಯ ಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ತಪ್ಪು ಮಾಡಿದವರು ಬಂದು ಕ್ಷಮೆ ಕೇಳಿದ್ದಾರೆ. ನಿಮಗೂ ಕ್ಷಮಿಸುವ ಮನಸ್ಸಿದೆ. ಆದರೂ ಮೊದಲಿನ ಹಾಗೆ ನಂಬಲು ಆಗುತ್ತಿಲ್ಲ. ಇದನ್ನು ಅವರಿಗೆ ಹೇಳುವುದು ಹೇಗೆ, ಹೇಳಿದ ಮೇಲಿನ ತಿಂಗಳುಗಳನ್ನು ನಡೆಸುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ. ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದೇ ಉದಾಹರಣೆಯನ್ನು ಕೊನೆತನಕ ಇಟ್ಟುಕೊಂಡಿದ್ದೇವೆ.

ಅಮ್ಮನ ಚಿಕಿತ್ಸೆಗೆಂದು ಅಕ್ಕ ಮತ್ತು ತಮ್ಮ ಒಂದು ಜಂಟಿ ಖಾತೆ ತೆರೆದಿದ್ದಾರೆ. ಪ್ರತಿ ತಿಂಗಳು ಇಬ್ಬರೂ ಸಮಪಾಲು ಹಾಕುತ್ತಾರೆ. ತಮ್ಮ ತನ್ನ ಸಾಲ ತೀರಿಸಲು ಮೂರು ಸಲ ಆ ಖಾತೆಯಿಂದ ಹಣ ತೆಗೆದ, ಒಟ್ಟು ತನ್ನ ಐದು ತಿಂಗಳ ಪಾಲಿನಷ್ಟು. ನಡುವೆ ಎರಡು ಸಲ ಅಕ್ಕ ಬಾಕಿ ಎಷ್ಟಿದೆ ಎಂದು ಕೇಳಿದಾಗ "ಎಲ್ಲ ಸರಿಯಾಗಿದೆ ಅಕ್ಕ, ಸ್ಟೇಟ್‌ಮೆಂಟ್ ಬರೋದು ತಡ ಆಗ್ತಿದೆ ಅಷ್ಟೆ" ಎಂದ. ಅಮ್ಮನ ಸ್ಕ್ಯಾನಿಂಗ್‌ಗೆ ಹಣ ಕಟ್ಟಲು ಹೋದಾಗ ಖಾತೆಯಲ್ಲಿ ಸಾಕಷ್ಟು ಹಣವಿಲ್ಲದ್ದು ಅಕ್ಕನಿಗೆ ಗೊತ್ತಾಯಿತು. ಅದೇ ವಾರ ತಮ್ಮ ಮನೆಗೆ ಬಂದು ಕ್ಷಮೆ ಕೇಳಿದ.

ಕ್ಷಮಿಸಿದ ಮೇಲೂ ನಂಬದೆ ಇರುವುದು ಬೂಟಾಟಿಕೆಯಲ್ಲವೇ?

ಅಲ್ಲ. ಎರಡೂ ಬೇರೆ ಬೇರೆ ಕಡೆಯಿಂದ ಬರುತ್ತವೆ. ಕ್ಷಮೆ ನಡೆದುಹೋದದ್ದಕ್ಕೆ ಸಂಬಂಧಿಸಿದ್ದು. "ಇದಕ್ಕೆ ಸೇಡು ತೀರಿಸಿಕೊಳ್ಳುವುದಿಲ್ಲ, ಈ ಲೆಕ್ಕ ಹಿಡಿದು ನಿನ್ನನ್ನು ಚುಚ್ಚುವುದಿಲ್ಲ" ಎಂದು ನೀವು ಇವತ್ತೇ ತೀರ್ಮಾನ ಮಾಡಬಹುದು. ಅದು ನಿಮ್ಮ ಕೈಯಲ್ಲಿದೆ. ನಂಬಿಕೆ ಮುಂದೆ ನಡೆಯುವುದರ ಬಗೆಗಿನ ಅಂದಾಜು. ಆ ಅಂದಾಜು ಅವರ ನಡವಳಿಕೆಯಿಂದ ಹುಟ್ಟಬೇಕೇ ಹೊರತು ನಿಮ್ಮ ಒಳ್ಳೆಯತನದಿಂದಲ್ಲ. "ನಾಳೆಯಿಂದ ನಂಬುತ್ತೇನೆ" ಎಂದು ಪ್ರಮಾಣ ಮಾಡಿದರೂ ಮುಂದಿನ ಸಲ ತಮ್ಮ ಫೋನ್ ಎತ್ತದಿದ್ದಾಗ ಅಕ್ಕನ ಮನಸ್ಸು ಖಾತೆಯ ಕಡೆಗೇ ಓಡುತ್ತದೆ.

ಕ್ಷಮೆಯಲ್ಲೂ ಎರಡು ಪದರಗಳಿವೆ. ಈ ವಿಷಯವನ್ನು ದಶಕಗಳಿಂದ ಅಧ್ಯಯನ ಮಾಡಿರುವ ಮನಶ್ಶಾಸ್ತ್ರಜ್ಞ ಎವರೆಟ್ ವರ್ದಿಂಗ್‌ಟನ್, ನಿರ್ಧಾರದ ಕ್ಷಮೆಯೇ ಬೇರೆ, ಭಾವನೆಯ ಕ್ಷಮೆಯೇ ಬೇರೆ ಎನ್ನುತ್ತಾರೆ. ಹೇಗೆ ನಡೆದುಕೊಳ್ಳುತ್ತೇನೆ ಎಂಬುದು ಮೊದಲನೆಯದು, ಒಳಗಿನ ಉರಿ ತಣಿಯುವುದು ಎರಡನೆಯದು. ಹಾಗಾಗಿ ಕ್ಷಮಿಸಿದೆ ಎಂದ ಮರುದಿನ ಬೆಳಿಗ್ಗೆ ಮತ್ತೆ ಸಿಟ್ಟು ಬಂದರೆ ನೀವು ಹೇಳಿದ್ದು ಸುಳ್ಳಾಗುವುದಿಲ್ಲ. ನಿರ್ಧಾರ ಆಗಿದೆ, ಮೈ ಇನ್ನೂ ಹಿಂದೆ ಬರುತ್ತಿದೆ.

ಅವರು ಕೇಳಿದ ಕ್ಷಮೆ ಗಟ್ಟಿಯೋ ಟೊಳ್ಳೋ ಎಂದು ತಿಳಿಯುವುದು ಹೇಗೆ?

ಕ್ರಿಯಾಪದವನ್ನು ಗಮನಿಸಿ. ನಮ್ಮ ಭಾಷೆಯಲ್ಲಿ ತುಂಬಾ ಸುಲಭವಾಗಿ ಬಾಯಿಗೆ ಬರುವ ಮಾತು "ತಪ್ಪಾಯ್ತು". ಮಳೆ ಆಯ್ತು, ಊಟ ಆಯ್ತು ಎಂಬಂತೆ ತಪ್ಪೂ ತಾನಾಗಿಯೇ ಆಗಿಹೋಯಿತು. ಮಾಡಿದವರು ಯಾರೆಂಬುದು ವಾಕ್ಯದಲ್ಲೇ ಇಲ್ಲ. "ನಾನು ತಪ್ಪು ಮಾಡಿದೆ" ಎಂದಾಗ ಅಲ್ಲೊಬ್ಬ ಮನುಷ್ಯ ನಿಲ್ಲುತ್ತಾನೆ. ಹಾಗೆಂದು "ತಪ್ಪಾಯ್ತು" ಎಂದವರೆಲ್ಲ ನಾಟಕ ಆಡುತ್ತಿದ್ದಾರೆ ಎಂದಲ್ಲ. ನಾಚಿಕೆಯಲ್ಲಿ ಮುದುಡಿದವರೂ ಅದನ್ನೇ ಹೇಳುತ್ತಾರೆ. ಆದ್ದರಿಂದ ಅದನ್ನು ಬಾಗಿಲೆಂದು ತಿಳಿದು ಒಂದೇ ಪ್ರಶ್ನೆ ಕೇಳಿ: "ಏನು ಮಾಡಿದೆ ಅಂತ ನಿನ್ನ ಬಾಯಲ್ಲೇ ಹೇಳು."

ಗಟ್ಟಿ ಉತ್ತರ ಹೀಗಿರುತ್ತದೆ: "ಅಕ್ಕ, ಮೂರು ಸಲ ದುಡ್ಡು ತೆಗೆದೆ. ನೀನು ಕೇಳಿದಾಗ ಎರಡು ಸಲ ಸುಳ್ಳು ಹೇಳಿದೆ. ಸ್ಟೇಟ್‌ಮೆಂಟ್ ನನ್ನ ಹತ್ರಾನೇ ಇತ್ತು." ಇಲ್ಲಿ ಸಂಖ್ಯೆ ಇದೆ, ಸುಳ್ಳಿನ ಹೆಸರೂ ಇದೆ. ಟೊಳ್ಳು ಉತ್ತರದಲ್ಲಿ ಕಷ್ಟಗಳ ಪಟ್ಟಿ ಮೊದಲು ಬರುತ್ತದೆ, "ನಿಂಗೆ ಬೇಜಾರಾಗಿದ್ರೆ ಸಾರಿ" ಎಂಬ ಷರತ್ತು ಅಂಟಿಕೊಂಡಿರುತ್ತದೆ, ಕೊನೆಗೆ "ಸಾರಿ ಕೇಳಿದ್ನಲ್ಲ, ಇನ್ನೇನು ಮಾಡ್ಲಿ?" ಎಂದು ಮುಗಿಯುತ್ತದೆ.

ಸಂಶೋಧಕ ರಾಯ್ ಲೆವಿಕಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 755 ಜನರಿಗೆ ಬಗೆಬಗೆಯ ಕ್ಷಮಾಪಣೆಗಳನ್ನು ಓದಿಸಿ ಯಾವುದು ನಾಟುತ್ತದೆ ಎಂದು ಕೇಳಿದ್ದರು. ವಿಷಾದ, ವಿವರಣೆ, ಹೊಣೆ ಹೊರುವುದು, ಮತ್ತೆ ಮಾಡುವುದಿಲ್ಲ ಎನ್ನುವುದು, ಸರಿಪಡಿಸುವ ಮಾತು, ಕ್ಷಮಿಸು ಎಂಬ ಕೋರಿಕೆ ಹೀಗೆ ಆರು ಅಂಶಗಳಲ್ಲಿ ಹೊಣೆ ಹೊರುವುದು ಮೊದಲ ಸ್ಥಾನಕ್ಕೆ ಬಂತು, ಸರಿಪಡಿಸುವ ಮಾತು ಅದರ ನಂತರ. ಎಲ್ಲಕ್ಕಿಂತ ಕಡಿಮೆ ತೂಕ ಬಿದ್ದದ್ದು "ನನ್ನನ್ನು ಕ್ಷಮಿಸು" ಎಂಬ ಕೋರಿಕೆಗೆ. ಕನ್ನಡದಲ್ಲಿ ಇಡೀ ವ್ಯವಹಾರಕ್ಕೇ "ಕ್ಷಮೆ ಕೇಳುವುದು" ಎಂಬ ಹೆಸರಿರುವುದು ಇಲ್ಲಿ ಸ್ವಲ್ಪ ತಮಾಷೆಯೇ. ಹೊಣೆ ಹೊರುವುದಕ್ಕಿಂತ ಮುಂಚೆ ಕೈ ಚಾಚುವುದೇ ಹೆಸರಾಗಿದೆ.

ಅವರು ಎದುರಿಗೆ ಕೂತು ಕಾಯುತ್ತಿದ್ದಾರೆ. ಆಗಲೇ ಉತ್ತರ ಕೊಡಬೇಕೇ?

ಬೇಕಿಲ್ಲ. ಆದರೆ ಮೌನವಾಗಿ ಎದ್ದು ಹೋಗಬೇಡಿ, ಅದನ್ನು ಶಿಕ್ಷೆ ಎಂದುಕೊಳ್ಳುತ್ತಾರೆ. "ನೀನು ಹೇಳಿದ್ದು ಕೇಳಿಸ್ಕೊಂಡೆ. ನನಗೆ ಯೋಚನೆ ಮಾಡೋಕೆ ಸಮಯ ಬೇಕು. ಭಾನುವಾರ ಮಾತಾಡೋಣ" ಎಂದು ದಿನ ಗೊತ್ತು ಮಾಡಿ, ಆ ದಿನ ನೀವೇ ಫೋನ್ ಮಾಡಿ. ದಿನ ಹೇಳಿ ತಪ್ಪಿಸಿಕೊಂಡರೆ ನಂಬಿಕೆಯ ಮಾತಾಡಲು ನಿಮಗೇ ಬಾಯಿ ಇರುವುದಿಲ್ಲ.

ಸರಿ, ಯಾವ ಮಾತುಗಳಲ್ಲಿ ಹೇಳುವುದು?

ಹೆಚ್ಚಿನವರು ಎಡವುವುದು ಇಲ್ಲೇ. ಮನಸ್ಸಿನಲ್ಲಿರುವುದು ಸರಿಯಾಗಿಯೇ ಇರುತ್ತದೆ, ಬಾಯಿಗೆ ಬರುವುದು ರೂಢಿಯ ಮಾತು. ಮೊದಲು ಬಿಡಬೇಕಾದವುಗಳನ್ನು ನೋಡೋಣ.

"ಹೋಗ್ಲಿ ಬಿಡು", "ಪರವಾಗಿಲ್ಲ ಬಿಡು". ಇವು ಕ್ಷಮೆಯ ಹಾಗೆ ಕೇಳಿಸುತ್ತವೆ, ಆದರೆ ಹೇಳುವುದು ಬೇರೆ: ನಡೆದದ್ದು ಅಷ್ಟೇನೂ ದೊಡ್ಡದಲ್ಲ ಎಂದು. ಕಾಲು ತುಳಿದವರಿಗೆ ಸರಿ. ಅಮ್ಮನ ಚಿಕಿತ್ಸೆಯ ಹಣಕ್ಕೆ ಸರಿಯಲ್ಲ. ಕ್ಷಮಿಸಬೇಕಾದರೆ ಮೊದಲು ಅದು ತಪ್ಪೆಂದು ಉಳಿಯಬೇಕು. "ಬಿಡು" ಎಂದು ಒಂದು ಸಲ ಅಂದಮೇಲೆ ಮುಂದಿನ ತಿಂಗಳು ಲೆಕ್ಕ ಕೇಳಿದರೆ ತಮ್ಮನಿಗೆ ಆಶ್ಚರ್ಯವಾಗುವುದು ಸಹಜ. "ಬಿಡು ಅಂದಿದ್ಯಲ್ಲ ಅಕ್ಕ?"

"ನೋಡೋಣ." ಇದರಲ್ಲಿ ಕ್ಷಮೆಯೂ ಇಲ್ಲ, ದಾರಿಯೂ ಇಲ್ಲ. ಕೇಳಿದವರು ತಮಗೆ ಬೇಕಾದಂತೆ ಅರ್ಥ ಮಾಡಿಕೊಳ್ಳುತ್ತಾರೆ.

"ಕ್ಷಮಿಸಿದ್ದೀನಿ, ಆದ್ರೆ..." ಈ "ಆದ್ರೆ" ತನ್ನ ಹಿಂದಿನ ಮಾತನ್ನು ನುಂಗಿಬಿಡುತ್ತದೆ. ಕೇಳುವವರ ಕಿವಿಗೆ ಬೀಳುವುದು ಅದರ ನಂತರದ್ದು ಮಾತ್ರ. ಎರಡು ಸಂಗತಿಗಳನ್ನು ಎರಡು ಪೂರ್ಣ ವಾಕ್ಯಗಳಾಗಿ ಹೇಳಿ, ನಡುವೆ ಒಂದು ಉಸಿರು ಬಿಡಿ.

ಹಾಗಾದರೆ ಅಕ್ಕ ಏನು ಹೇಳಬಹುದು?

"ನೀನು ಮಾಡಿದ್ದು ತಪ್ಪು. ಅದನ್ನ ನೀನೇ ಬಂದು ಹೇಳಿದ್ದಕ್ಕೆ, ನಾನು ನಿನ್ನ ಕ್ಷಮಿಸಿದ್ದೀನಿ. ಈ ವಿಷಯ ಹಿಡಿದು ನಿನ್ನ ಹಂಗಿಸಲ್ಲ, ನೆಂಟರ ಮುಂದೆ ಎತ್ತಲ್ಲ. ದುಡ್ಡಿನ ವಿಷಯದಲ್ಲಿ ನಿನ್ನ ಮಾತು ಕೇಳಿದ ತಕ್ಷಣ ನಂಬೋಕೆ ನನಗೆ ಈಗ ಆಗ್ತಿಲ್ಲ. ಅದು ನಿಧಾನಕ್ಕೆ ಬರುತ್ತೆ. ಅಲ್ಲೀತನಕ ಖಾತೇನ ಹೇಗೆ ನಡೆಸೋದು ಅಂತ ಇಬ್ಬರೂ ಕೂತು ಮಾತಾಡೋಣ."

ಇದರೊಳಗೆ ನಾಲ್ಕು ತುಂಡುಗಳಿವೆ. ತಪ್ಪನ್ನು ತಪ್ಪೆಂದದ್ದು, ಕ್ಷಮಿಸಿದ್ದೇನೆ ಎಂಬ ಮುಗಿದ ಕ್ರಿಯಾಪದ (ಕ್ಷಮಿಸ್ತೀನಿ, ಕ್ಷಮಿಸಬಹುದು ಎಂದಲ್ಲ), ಆ ಕ್ಷಮೆಯಿಂದ ಅವನಿಗೆ ಏನು ಸಿಗುತ್ತದೆ ಎಂಬ ವಿವರ, ಮತ್ತು ನಂಬಿಕೆ ಎಲ್ಲಿ ಕುಂದಿದೆ ಎಂಬ ಗಡಿ. ಕೊನೆಯದನ್ನು ಸ್ವಲ್ಪ ಗಮನಿಸಿ. "ನಿನ್ನ ನಂಬಲ್ಲ" ಎಂದಿಲ್ಲ, "ದುಡ್ಡಿನ ವಿಷಯದಲ್ಲಿ" ಎಂದಿದೆ. ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವಾಗ, ರಾತ್ರಿ ಪಕ್ಕದಲ್ಲಿ ಕೂರುವಾಗ ಅವನು ಯಾವತ್ತೂ ಕೈ ಕೊಟ್ಟಿಲ್ಲವಾದರೆ ಅದನ್ನೂ ಹೇಳಿ. ನಂಬಿಕೆ ಒಂದೇ ಇಡಿ ಗಂಟಲ್ಲ. ಎಲ್ಲಿ ಹರಿದಿದೆಯೋ ಅಲ್ಲಿ ಮಾತ್ರ ಹೊಲಿಯಬೇಕು.

"ಆಗ್ತಿಲ್ಲ" ಎಂಬ ಪದವನ್ನೂ ಬೇಕೆಂದೇ ಇಟ್ಟಿದ್ದೇವೆ. "ನಂಬಲ್ಲ" ಎಂದರೆ ಹಟ, ತೀರ್ಪು. "ಆಗ್ತಿಲ್ಲ" ಎಂದರೆ ಇವತ್ತಿನ ಸ್ಥಿತಿ. ಅದು ಬದಲಾಗಬಹುದು ಎಂಬುದು ಆ ಪದದಲ್ಲೇ ಇದೆ.

ಮುಖತಃ ಹೇಳುವುದೋ, ಮೆಸೇಜ್ ಮಾಡುವುದೋ?

ಕ್ಷಮೆಯನ್ನು ಬಾಯಲ್ಲಿ ಹೇಳಿ. ಒಪ್ಪಿಕೊಂಡ ಏರ್ಪಾಡನ್ನು ಆಮೇಲೆ ನಾಲ್ಕು ಸಾಲು ಬರೆದು ಕಳಿಸಿ, ಏಕೆಂದರೆ ಮೂರು ತಿಂಗಳಾದ ಮೇಲೆ ಇಬ್ಬರ ನೆನಪೂ ಒಂದೇ ತರ ಇರುವುದಿಲ್ಲ. ಎದುರು ಬದುರು ಕೂತರೆ ಕೂಗಾಟವೇ ಆಗುತ್ತದೆ ಎಂದಿದ್ದರೆ ಕಾಗದದಲ್ಲಿ ಬರೆದು ಓದಿ ಹೇಳಬಹುದು, ತಪ್ಪೇನಿಲ್ಲ. ಕುಟುಂಬದ ಗ್ರೂಪಿನಲ್ಲಿ ಮಾತ್ರ ಬೇಡ.

"ನಿಧಾನಕ್ಕೆ" ಎಂದರೆ ಎಷ್ಟು ದಿನ?

ದಿನದ ಲೆಕ್ಕ ಹಿಡಿದರೆ ಮೋಸ ಹೋಗುತ್ತೀರಿ. ತಮ್ಮ ಆರು ತಿಂಗಳು ಬೇರೆ ಊರಿನಲ್ಲಿದ್ದು, ಖಾತೆಯನ್ನು ಮುಟ್ಟುವ ಪ್ರಸಂಗವೇ ಬರದಿದ್ದರೆ ಆ ಆರು ತಿಂಗಳಲ್ಲಿ ನಂಬಿಕೆಗೆ ಒಂದು ಕಾಳೂ ಸೇರಿಲ್ಲ. ಎಣಿಸಬೇಕಾದದ್ದು ಸಂದರ್ಭಗಳನ್ನು: ಮತ್ತೆ ತಪ್ಪು ಮಾಡಲು ಅವಕಾಶವಿತ್ತು, ಮಾಡಲಿಲ್ಲ, ಸುಳ್ಳು ಹೇಳಿದ್ದರೆ ಸುಲಭವಾಗುತ್ತಿತ್ತು, ನಿಜ ಹೇಳಿದ. ತಿಂಗಳ ಖಾತೆಯಾದರೆ ಇಂಥ ಸಂದರ್ಭ ತಿಂಗಳಿಗೆ ಒಂದೋ ಎರಡೋ ಬರುತ್ತದೆ. ಹಾಗಾಗಿ ಈ ಉದಾಹರಣೆಯಲ್ಲಿ ವರ್ಷದ ಮಾತಾಡುವುದೇ ಪ್ರಾಮಾಣಿಕತೆ. ದಿನವೂ ಒಟ್ಟಿಗೆ ಕೆಲಸ ಮಾಡುವವರ ನಡುವೆ, ಹೇಳಿದ ಹೊತ್ತಿಗೆ ಬರದೆ ಕೈಕೊಟ್ಟ ತಪ್ಪಾದರೆ ಕೆಲವೇ ವಾರಗಳಲ್ಲಿ ಅಷ್ಟೇ ಸಂದರ್ಭಗಳು ಸಿಗುತ್ತವೆ.

ಇನ್ನೊಂದು ಸಂಗತಿ ವೇಗವನ್ನು ನಿರ್ಧರಿಸುತ್ತದೆ: ತಪ್ಪಿನ ಜೊತೆ ಸುಳ್ಳೂ ಇತ್ತೇ? ಸಂಶೋಧಕ ಮಾರಿಸ್ ಶ್ವೈಟ್ಜರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ಹಣದ ಆಟವೊಂದನ್ನು ಸುತ್ತು ಸುತ್ತಾಗಿ ಆಡಿಸಿದ್ದರು. ಎದುರಾಳಿ ಬರೀ ಸ್ವಾರ್ಥದಿಂದ ಆಡಿ ನಂಬಿಕೆ ಕೆಡಿಸಿದ್ದಲ್ಲಿ, ಆಮೇಲೆ ಸತತವಾಗಿ ಸರಿಯಾಗಿ ನಡೆದುಕೊಂಡರೆ ನಂಬಿಕೆ ಮರಳಿತು. ಅದೇ ಸ್ವಾರ್ಥಕ್ಕೆ ಸುಳ್ಳು ಮಾತೂ ಸೇರಿದ್ದಲ್ಲಿ, ಕ್ಷಮೆ ಕೇಳಿ, ಮಾತು ಕೊಟ್ಟು, ಸರಿಯಾಗಿ ನಡೆದುಕೊಂಡರೂ ಪೂರ್ತಿ ಮರಳಲಿಲ್ಲ. ಅಪರಿಚಿತರ ನಡುವೆ, ಪ್ರಯೋಗಾಲಯದಲ್ಲಿ ನಡೆದ ಆಟ ಅದು. ಒಡಹುಟ್ಟಿದವರ ಮೂವತ್ತು ವರ್ಷದ ಒಡನಾಟಕ್ಕೆ ಹಾಗ್ಹಾಗೇ ಅಂಟಿಸಲು ಬರುವುದಿಲ್ಲ. ಆದರೆ ಅಕ್ಕನಿಗೆ ಮೂರು ಸಲ ಹಣ ತೆಗೆದದ್ದಕ್ಕಿಂತ ಎರಡು ಸಲ "ಎಲ್ಲ ಸರಿಯಾಗಿದೆ" ಎಂದದ್ದೇ ಏಕೆ ಹೆಚ್ಚು ಕುಟುಕುತ್ತಿದೆ ಎಂಬುದು ಇದರಿಂದ ಅರ್ಥವಾಗುತ್ತದೆ. ಹಣ ತೆಗೆದದ್ದು ಖಾತೆಯನ್ನು ಬರಿದು ಮಾಡಿತು. ಸುಳ್ಳು, ಮುಂದೆ ಅವನು ನಿಜ ಹೇಳಿದಾಗಲೂ ಅದನ್ನು ಅಳೆಯುವ ಕೋಲನ್ನೇ ಮುರಿಯಿತು.

ಏರ್ಪಾಡು ಎಂದರೆ ಏನು? ಪೊಲೀಸ್ ಕಾವಲು ಹಾಕಿದಂತೆ ಆಗುವುದಿಲ್ಲವೇ?

ತೋರಿಸುವ ಕೆಲಸ ಅವರದ್ದಾಗಿದ್ದರೆ ಏರ್ಪಾಡು, ಹುಡುಕುವ ಕೆಲಸ ನಿಮ್ಮದಾದರೆ ಕಾವಲು. ವ್ಯತ್ಯಾಸ ಇಷ್ಟೇ, ಪರಿಣಾಮ ಮಾತ್ರ ತುಂಬಾ ದೊಡ್ಡದು. ಅಕ್ಕ ಕದ್ದು ಅವನ ಫೋನ್ ನೋಡಿ ಏನೂ ಸಿಗದಿದ್ದರೆ ಸಮಾಧಾನವಾಗುವುದಿಲ್ಲ, "ಬೇರೆ ಕಡೆ ಇಟ್ಟಿರಬಹುದು" ಎನಿಸುತ್ತದೆ. ತಮ್ಮ ತಾನಾಗಿ ತೋರಿಸಿದರೆ ಆ ತೋರಿಸುವುದೇ ಒಂದು ಸಂದರ್ಭವಾಗಿ ಲೆಕ್ಕಕ್ಕೆ ಸೇರುತ್ತದೆ.

ಇವರಿಬ್ಬರ ಏರ್ಪಾಡು ಹೀಗಿರಲಿ. ಬ್ಯಾಂಕಿಗೆ ಹೋಗಿ ಖಾತೆಯಿಂದ ಹಣ ತೆಗೆಯಲು ಇಬ್ಬರ ಸಹಿಯೂ ಬೇಕೆಂದು ಬದಲಾಯಿಸಿಕೊಳ್ಳುತ್ತಾರೆ. ವ್ಯವಹಾರದ ಅಲರ್ಟ್ ಇಬ್ಬರ ಫೋನಿಗೂ ಬರುತ್ತದೆ. ತಮ್ಮ ತೆಗೆದದ್ದು ಐದು ತಿಂಗಳ ಪಾಲು, ಅವನ ಕೈಯಲ್ಲಾಗುವುದು ತಿಂಗಳಿಗೆ ಒಂದೂವರೆ ಪಾಲು. ಅಂದರೆ ಎಂದಿನ ಪಾಲಿನ ಜೊತೆ ಅರ್ಧ ಪಾಲು ಹೆಚ್ಚು, ಹತ್ತು ತಿಂಗಳಿಗೆ ತೀರುತ್ತದೆ. ಎರಡು ಪಾಲು ಕೊಡುತ್ತೇನೆ, ಐದೇ ತಿಂಗಳಲ್ಲಿ ಮುಗಿಸುತ್ತೇನೆ ಎಂದು ಅವನು ಹುರುಪಿನಲ್ಲಿ ಹೇಳಿದರೂ ಒಪ್ಪಬೇಡಿ. ನಾಚಿಕೆಯಲ್ಲಿದ್ದಾಗ ಜನ ತಮ್ಮ ಶಕ್ತಿಗೆ ಮೀರಿ ಮಾತು ಕೊಡುತ್ತಾರೆ, ಮೂರನೇ ತಿಂಗಳಿಗೆ ಮುಗ್ಗರಿಸುತ್ತಾರೆ, ಆಗ ಹಳೆಯ ಗಾಯ ಮತ್ತೆ ತೆರೆಯುತ್ತದೆ. ಸಣ್ಣ ಮಾತು ಕೊಟ್ಟು ಹತ್ತು ಸಲ ಉಳಿಸಿಕೊಳ್ಳುವುದು ನಂಬಿಕೆಗೆ ಹೆಚ್ಚು ಲಾಭ.

ತಿಂಗಳ ಮೊದಲ ಭಾನುವಾರ ಹದಿನೈದು ನಿಮಿಷ ಇಬ್ಬರೂ ಕೂರುತ್ತಾರೆ. ತಮ್ಮ ಸ್ಟೇಟ್‌ಮೆಂಟ್ ತೆರೆದು ತೋರಿಸುತ್ತಾನೆ. ಆ ಹದಿನೈದು ನಿಮಿಷದಲ್ಲಿ ಅಕ್ಕ ಬೇಕಾದ ಪ್ರಶ್ನೆ ಕೇಳಬಹುದು, ಅದರ ಆಚೆ ಅನುಮಾನದ ಪ್ರಶ್ನೆ ಕೇಳುವುದಿಲ್ಲ. ಅವಧಿಗೆ ಗೋಡೆ ಕಟ್ಟುವುದು ಇಬ್ಬರಿಗೂ ಉಪಕಾರ: ಅವನಿಗೆ ಉಳಿದ ಇಪ್ಪತ್ತೊಂಬತ್ತು ದಿನ ತಮ್ಮನಾಗಿ ಇರಬಹುದು, ಅವಳಿಗೆ ಮಧ್ಯರಾತ್ರಿ ಅನುಮಾನ ಬಂದರೆ "ಭಾನುವಾರ ಕೇಳ್ತೀನಿ" ಎಂದು ಬರೆದಿಟ್ಟು ಮಲಗಬಹುದು. ಎಲ್ಲಕ್ಕೂ ಒಂದು ಮರುಪರಿಶೀಲನೆಯ ದಿನ ಇರಬೇಕು, ಉದಾಹರಣೆಗೆ ಆರನೇ ತಿಂಗಳ ಭೇಟಿ. ಕೊನೆಯೇ ಇಲ್ಲದ ಷರತ್ತು ಶಿಕ್ಷೆಯಾಗುತ್ತದೆ.

"ಕ್ಷಮಿಸಿದೆ ಅಂದ್ಯಲ್ಲ, ಇನ್ನೂ ಯಾಕೆ ಅನುಮಾನ?" ಎಂದು ರೇಗಿದರೆ?

ಎರಡನೇ ತಿಂಗಳಿಗೆ ಈ ಪ್ರಶ್ನೆ ಬಂದೇ ಬರುತ್ತದೆ ಎಂದು ಇಟ್ಟುಕೊಳ್ಳಿ. ಕ್ಷಮೆ ಕೇಳಿದವರಿಗೆ ಅದು ದಾಟಿದ ಹೊಳೆ, ನೋವಾದವರು ಇನ್ನೂ ನೀರಿನಲ್ಲಿರುತ್ತಾರೆ. ವಾದಕ್ಕೆ ಇಳಿಯಬೇಡಿ, ಮೊದಲ ದಿನ ಹೇಳಿದ್ದನ್ನೇ ಹೇಳಿ: "ಕ್ಷಮಿಸಿದ್ದೀನಿ, ಅದು ಹಾಗೇ ಇದೆ. ಖಾತೆ ವಿಷಯ ನಿಧಾನ ಅಂತ ಅವತ್ತೇ ಹೇಳಿದ್ದೆ. ನೀನು ಎರಡು ತಿಂಗಳು ಸರಿಯಾಗಿ ಕಟ್ಟಿದ್ದು ನನ್ನ ಗಮನದಲ್ಲಿದೆ." ಕೊನೆಯ ವಾಕ್ಯವನ್ನು ಬಿಡಬೇಡಿ. ಎಷ್ಟು ಮಾಡಿದರೂ ಯಾರಿಗೂ ಕಾಣುತ್ತಿಲ್ಲ ಎನಿಸಿದಾಗ ಮಾಡುವವರು ಕೈ ಬಿಡುತ್ತಾರೆ.

ಆ ರೇಗಾಟ ಒಂದು ಸಲದ್ದಾದರೆ ಆಯಾಸ. ಪ್ರತಿ ಭಾನುವಾರವೂ ಅದೇ ಆದರೆ, ಅಥವಾ ಸ್ಟೇಟ್‌ಮೆಂಟ್ ತೋರಿಸುವ ಬದಲು "ನೀನು ನನ್ನ ನಂಬೋದೇ ಇಲ್ಲ" ಎಂಬ ಅಳು ಬಂದರೆ, ಮಾತು ಹಣದಿಂದ ನಿಮ್ಮ ಗುಣದ ಕಡೆಗೆ ತಿರುಗುತ್ತಿದೆ ಎಂದು ತಿಳಿಯಿರಿ. ಅಂಥ ಹೊತ್ತಿನಲ್ಲಿ ಅಳುವವರನ್ನು ಸಮಾಧಾನ ಮಾಡಿ, ಸ್ಟೇಟ್‌ಮೆಂಟನ್ನೂ ನೋಡಿ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಿಲ್ಲ.

ಜಗಳದಲ್ಲಿ ನಾನೇ ಹಳೆಯದನ್ನು ಎತ್ತಿ ಹಂಗಿಸಿಬಿಟ್ಟೆ. ಈಗ?

ಮಾತು ಮುರಿದದ್ದು ನೀವು, ಈಗ ಕ್ಷಮೆ ಕೇಳುವ ಸರದಿ ನಿಮ್ಮದು. ಅವರಿಂದ ಬಯಸಿದ ಅಳತೆಯಲ್ಲೇ ಕೇಳಿ: "ಹಂಗಿಸಲ್ಲ ಅಂದಿದ್ದೆ, ನಿನ್ನೆ ಹಂಗಿಸಿದೆ. ಅದು ನನ್ನ ತಪ್ಪು." ಅದರಿಂದ ಮೂಲ ಏರ್ಪಾಡು ರದ್ದಾಗುವುದಿಲ್ಲ. ಗೊತ್ತು ಮಾಡಿಕೊಂಡ ಹೊತ್ತಿನಲ್ಲಿ ಲೆಕ್ಕ ಕೇಳುವುದು ಹಂಗಿಸುವುದಲ್ಲ. ಅಡುಗೆಗೆ ಉಪ್ಪು ಹೆಚ್ಚಾಯ್ತು ಎಂಬ ಜಗಳದಲ್ಲಿ "ಅಮ್ಮನ ದುಡ್ಡು ತಿಂದವನು ನೀನು" ಎನ್ನುವುದು ಹಂಗಿಸುವುದು.

ಮಧ್ಯೆ ಮತ್ತೆ ಜಾರಿದರೆ ಮೊದಲಿನಿಂದ ಶುರುವೇ?

ಏನು ಜಾರಿತು ಎಂಬುದರ ಮೇಲಿದೆ. ನಾಲ್ಕನೇ ತಿಂಗಳು ತಮ್ಮನ ಸಂಬಳ ತಡವಾಯಿತು ಎಂದುಕೊಳ್ಳಿ. ಕಟ್ಟಬೇಕಾದ ದಿನಕ್ಕೆ ಎರಡು ದಿನ ಮುಂಚೆ ಅವನೇ ಫೋನ್ ಮಾಡಿ "ಅಕ್ಕ, ಈ ಸಲ ಪಾಲು ಮಾತ್ರ ಕಟ್ಟೋಕಾಗುತ್ತೆ, ಅರ್ಧ ಪಾಲು ಇಪ್ಪತ್ತನೇ ತಾರೀಖು" ಎನ್ನುತ್ತಾನೆ, ಇಪ್ಪತ್ತಕ್ಕೆ ಕಟ್ಟುತ್ತಾನೆ. ಹಣದ ಲೆಕ್ಕದಲ್ಲಿ ಇದು ತಪ್ಪಿದ ಕಂತು. ನಂಬಿಕೆಯ ಲೆಕ್ಕದಲ್ಲಿ ಆ ವರ್ಷದ ಅತ್ಯಂತ ಬೆಲೆಬಾಳುವ ಫೋನ್ ಇದೇ, ಏಕೆಂದರೆ ಹಿಂದೆ ಸುಳ್ಳು ಹೇಳಿದ್ದ ಜಾಗದಲ್ಲೇ ಈಗ ನಿಜ ಹೇಳಿದ್ದಾನೆ. ಇಂಥದ್ದಕ್ಕೆ ಬೈದರೆ ಮುಂದಿನ ಸಲ ಆ ಫೋನ್ ಬರುವುದಿಲ್ಲ.

ಅದೇ ತಿಂಗಳು ಅವನು ಪೂರ್ತಿ ಕಟ್ಟಿ, ಅದಕ್ಕಾಗಿ ಅಮ್ಮನ ಹೆಸರು ಹೇಳಿ ಚಿಕ್ಕಪ್ಪನ ಹತ್ತಿರ ಗುಟ್ಟಾಗಿ ಸಾಲ ತಂದಿದ್ದರೆ? ಕಂತು ಸರಿ ಬಂದಿದೆ, ಮೊದಲಿನ ತಪ್ಪು ಮಾತ್ರ ಬೇರೆ ವೇಷದಲ್ಲಿ ಮರುಕಳಿಸಿದೆ. ಇದಕ್ಕೆ ಮತ್ತೆ ಕ್ಷಮೆ ಕೊಡಬಹುದು, ಆದರೆ ಏರ್ಪಾಡು ಹಾಗೇ ಇರಲಾರದು. ಖಾತೆಯನ್ನು ಅಕ್ಕ ಒಬ್ಬಳೇ ನೋಡಿಕೊಳ್ಳುವುದು, ತಮ್ಮ ತನ್ನ ಪಾಲು ಹಾಕುವುದಷ್ಟೇ ಎಂದು ಬದಲಾಯಿಸಬೇಕಾಗುತ್ತದೆ. ಹಾಗೆ ಬದಲಾಯಿಸುವುದಾಗಿ ಮೊದಲ ದಿನವೇ ಹೇಳಿಟ್ಟಿದ್ದರೆ ಈಗ ಅದು ಸಿಟ್ಟಿನ ತೀರ್ಮಾನದಂತೆ ಕಾಣುವುದಿಲ್ಲ.

"ಕ್ಷಮೆ ಕೇಳಿದ್ದಾನಲ್ಲ, ಇನ್ನು ಮರೆತುಬಿಡು" ಎಂದು ಮನೆಯವರು ಒತ್ತಾಯಿಸುತ್ತಾರೆ.

"ಕ್ಷಮಿಸಿ ಆಗಿದೆ. ಉಳಿದದ್ದು ನಮ್ಮಿಬ್ಬರ ಲೆಕ್ಕ, ನಡೀತಾ ಇದೆ" ಎಂದರೆ ಸಾಕು. ಏರ್ಪಾಡಿನ ವಿವರ ಹೇಳಹೋಗಬೇಡಿ, ಹೇಳಿದರೆ ಪಂಚಾಯಿತಿ ಶುರುವಾಗುತ್ತದೆ.

ಈ ದಾರಿ ಯಾವಾಗ ಹೊಂದುವುದಿಲ್ಲ?

ಹೊಡೆತ, ಬೆದರಿಕೆ, ಮನೆಯಿಂದ ಹೊರಗೆ ಬಿಡದಿರುವುದು ಇವೆಲ್ಲ ಇದ್ದಲ್ಲಿ ನಂಬಿಕೆಯನ್ನು ನಿಧಾನಕ್ಕೆ ಕಟ್ಟುವ ಮಾತು ಆಮೇಲಿನದು. ಮೊದಲು ಸುರಕ್ಷಿತ ಜಾಗ, ನಂಬುವ ಜನ, ಬೇಕಿದ್ದರೆ ಕಾನೂನಿನ ನೆರವು. ಮನಶ್ಶಾಸ್ತ್ರಜ್ಞ ಜೇಮ್ಸ್ ಮಕ್ನಲ್ಟಿ ಹೊಸದಾಗಿ ಮದುವೆಯಾದ ದಂಪತಿಗಳನ್ನು ಮೊದಲ ನಾಲ್ಕು ವರ್ಷ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಕ್ಷಮಿಸುವ ಸ್ವಭಾವದವರ ಸಂಗಾತಿಗಳ ಆಕ್ರಮಣಶೀಲತೆ ಕಡಿಮೆಯಾಗದೆ ಹಾಗೇ ಉಳಿದಿತ್ತು. ಅಷ್ಟು ಸುಲಭಕ್ಕೆ ಕ್ಷಮಿಸದವರ ಸಂಗಾತಿಗಳಲ್ಲಿ ಅದು ಇಳಿದಿತ್ತು. ಪ್ರತಿ ಸಲ ಹೊಡೆದು, ಪ್ರತಿ ಸಲ ಕಾಲು ಹಿಡಿಯುವವರ ವಿಷಯದಲ್ಲಿ ಆ ಕ್ಷಮಾಪಣೆಯೂ ಹೊಡೆತದ ಚಕ್ರದ ಒಂದು ಭಾಗ. ಮನಸ್ಸಿನಲ್ಲಿ ಕ್ಷಮಿಸಿಕೊಂಡು ದೂರವೇ ಉಳಿಯುವುದೂ ಕ್ಷಮೆಯೇ.

ನಂಬಿಕೆ ಮರಳಿದೆ ಎಂದು ಗೊತ್ತಾಗುವುದು ಹೇಗೆ?

ದೊಡ್ಡ ಗಳಿಗೆಯೇನೂ ಬರುವುದಿಲ್ಲ. ಒಂದು ಭಾನುವಾರ ಸ್ಟೇಟ್‌ಮೆಂಟ್ ನೋಡುವುದನ್ನು ಮರೆತು ಬೇರೆ ಏನೋ ಮಾತಾಡಿ ಎದ್ದಿರುತ್ತೀರಿ, ಮಂಗಳವಾರ ನೆನಪಾಗುತ್ತದೆ, ಗಾಬರಿಯಾಗುವುದಿಲ್ಲ. ಅಲರ್ಟ್ ಸದ್ದಾದಾಗ ಎದೆ ಹೊಡೆದುಕೊಳ್ಳುವುದಿಲ್ಲ. ಇದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳದೆ ಬಾಯಿಬಿಟ್ಟು ಹೇಳಿ, ಮತ್ತು ಒಂದು ಷರತ್ತನ್ನು ಸಡಿಲಿಸಿ. ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ. ಹನ್ನೊಂದನೇ ತಿಂಗಳು ಅಕ್ಕ ಹೀಗೆನ್ನಬಹುದು: "ಕಂತು ಮುಗೀತು. ಇನ್ಮೇಲೆ ತಿಂಗಳಿಗೊಂದು ಸಲ ಕೂರೋದು ಬೇಡ, ಮೂರು ತಿಂಗಳಿಗೊಮ್ಮೆ ಸಾಕು." ಇಬ್ಬರ ಸಹಿಯ ವಿಷಯವನ್ನು ಅದಾದ ಎರಡು ಸುತ್ತು ನೋಡಿ ತೀರ್ಮಾನಿಸಲಿ. ಅಲರ್ಟ್ ಮಾತ್ರ ಇಬ್ಬರ ಫೋನಿಗೂ ಬರುತ್ತಲೇ ಇರಲಿ. ಜಂಟಿ ಖಾತೆ ಎಂದಮೇಲೆ ಅದು ಮೊದಲ ದಿನದಿಂದಲೇ ಇರಬೇಕಿತ್ತು.